‘ರೂಮ್ ಬೇಕು, ಪಿಕಪ್ ಬೇಕು’ ಎಂದು ಬರೆಯುವ ಮುನ್ನ

ಜುಲೈ ಬಂತೆಂದರೆ ನನ್ನ ಫೋನಿಗೆ ಹಗಲೂ ಇಲ್ಲ, ರಾತ್ರಿಯೂ ಇಲ್ಲ. ಅಮೆರಿಕದ ಡಲ್ಲಾಸ್ ನಗರಕ್ಕೆ ಅಂಟಿಕೊಂಡ ರಿಚರ್ಡ್‌ಸನ್ ಎಂಬ ಊರಿನಲ್ಲಿ ನಮ್ಮ ಮನೆ. ಟೆಕ್ಸಾಸ್ ವಿಶ್ವವಿದ್ಯಾಲಯದ ಡಲ್ಲಾಸ್ ಕ್ಯಾಂಪಸ್ ಇರುವುದು ಇಲ್ಲೇ. ಆಗಸ್ಟ್ ಕೊನೆಯ ಹೊತ್ತಿಗೆ ತರಗತಿಗಳು ಶುರುವಾಗುತ್ತವೆ. ಅದಕ್ಕೆ ಮೊದಲು ಹಾಸನ, ದಾವಣಗೆರೆ, ಹುಬ್ಬಳ್ಳಿ, ಬೆಂಗಳೂರುಗಳಿಂದ ಎಂ.ಎಸ್. ಓದಲು ಹೊರಟ ಮಕ್ಕಳು ಇಲ್ಲಿನ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಸೇರಿಕೊಂಡು ಒಂದು ಸಂದೇಶ ಹಾಕುತ್ತಾರೆ. ಬಹುಪಾಲು ಸಂದೇಶಗಳು ಹೀಗಿರುತ್ತವೆ: “ಹಾಯ್ ಆಲ್, ಫಾಲ್ ಸೆಮಿಸ್ಟರ್‌ಗೆ ಡಲ್ಲಾಸ್ ಬರ್ತಿದೀನಿ. ರೂಮ್ ಮತ್ತೆ ಏರ್‌ಪೋರ್ಟ್ ಪಿಕಪ್ ಬೇಕಿತ್ತು. ಯಾರಾದ್ರೂ ಇದ್ರೆ ಪ್ಲೀಸ್ ಪಿಂಗ್ ಮಾಡಿ.”

ಇದಕ್ಕೆ ಯಾರೂ ಉತ್ತರ ಕೊಡುವುದಿಲ್ಲ. ಎರಡು ದಿನ ಕಾದು ಆ ಹುಡುಗ ಮತ್ತೆ ಹಾಕುತ್ತಾನೆ. ಊರಿನಲ್ಲಿ ಅವನ ತಾಯಿಗೆ ಆತಂಕ ಶುರುವಾಗುತ್ತದೆ. ಪರದೇಶಕ್ಕೆ ಹೋದವರು ಕಲ್ಲಾಗಿಬಿಡುತ್ತಾರೆ ಎಂದು ಅವರಿಗೆ ಅನ್ನಿಸಿದರೆ ತಪ್ಪೇನಿಲ್ಲ. ಆದರೆ ಓದಿದವರ ಕಡೆಯಿಂದ ನೋಡಿ. ಕೆಲಸ ಮುಗಿಸಿ ಬಂದು, ಮಗುವಿಗೆ ಊಟ ಮಾಡಿಸುತ್ತಾ ಫೋನ್ ನೋಡುತ್ತಿರುವವರಿಗೆ ಈ ಸಂದೇಶದಿಂದ ಏನೂ ತಿಳಿಯುವುದಿಲ್ಲ. ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ಪೆಟ್ಟಿಗೆ, ಎಲ್ಲಿಗೆ ಬಿಡಬೇಕು, ರೂಮು ಎಷ್ಟು ತಿಂಗಳಿಗೆ? ಆರೇಳು ಪ್ರಶ್ನೆ ಕೇಳಿದ ಮೇಲಷ್ಟೇ ‘ನನ್ನ ಕೈಲಾಗುತ್ತದೆ’ ಅನ್ನಬಹುದು. ಕೇಳಲು ಶುರುಮಾಡಿದರೆ ಹೊಣೆಯೂ ತನ್ನ ತಲೆಗೇ ಬರುತ್ತದೆ ಎಂದು ಹಿಂಜರಿದು ಸುಮ್ಮನಾಗುತ್ತಾರೆ. ಸಂದೇಶ ಓದಿದವರು ಏನನ್ನೂ ಮರುಕೇಳದೆ ‘ಸರಿ, ನಾನು ಬರ್ತೀನಿ’ ಎನ್ನುವ ಹಾಗೆ ಬರೆಯುವುದನ್ನು ಈ ಮಕ್ಕಳಿಗೆ ಯಾರಾದರೂ ಹೇಳಿಕೊಡಬೇಕು. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಮಾಡಬೇಕಾದ್ದು ಪಿಕಪ್ಪನ್ನೂ ರೂಮನ್ನೂ ಬೇರೆ ಮಾಡುವುದು. ಪಿಕಪ್ ಅರ್ಧ ದಿನದ ಉಪಕಾರ. ಕಾರು ಇರುವ, ಆ ಹೊತ್ತಿಗೆ ಬಿಡುವಾಗಿರುವ ಯಾರು ಬೇಕಾದರೂ ಮಾಡಬಹುದು. ರೂಮು ಒಂದು ವರ್ಷದ ಕರಾರು. ಅದಕ್ಕೆ ಉತ್ತರ ಕೊಡಬಲ್ಲವರು ಇನ್ನೊಬ್ಬ ವಿದ್ಯಾರ್ಥಿ ಮಾತ್ರ. ಎರಡನ್ನೂ ಒಂದೇ ಸಂದೇಶದಲ್ಲಿ ತುರುಕಿದರೆ ಕಾರು ಇರುವವರು ‘ರೂಮು ನನ್ನ ಹತ್ತಿರ ಇಲ್ಲವಲ್ಲ’ ಎಂದು ಬಿಡುತ್ತಾರೆ, ರೂಮು ಇರುವ ಹುಡುಗ ‘ನನ್ನ ಹತ್ತಿರ ಕಾರಿಲ್ಲವಲ್ಲ’ ಎಂದು ಬಿಡುತ್ತಾನೆ.

ಪಿಕಪ್ ವಿಷಯದಲ್ಲಿ ನನ್ನ ಕಣ್ಣು ತೆರೆಸಿದವನು ಹಾಸನದ ಕಡೆಯ ಒಬ್ಬ ಹುಡುಗ. ‘08/09ಕ್ಕೆ ಬರ್ತಿದೀನಿ ಅಣ್ಣ, ರಾತ್ರಿ ಹತ್ತೂವರೆಗೆ’ ಎಂದು ಬರೆದಿದ್ದ. ಅಮೆರಿಕದಲ್ಲಿ ತಿಂಗಳನ್ನು ಮೊದಲು ಬರೆಯುತ್ತಾರೆ, ದಿನ ಆಮೇಲೆ. ಹಾಗಾಗಿ ನಾನು ಆಗಸ್ಟ್ 9 ಎಂದು ಓದಿಕೊಂಡೆ. ಪುಣ್ಯಕ್ಕೆ ಅವನೂ ಟಿಕೆಟ್ಟಿನಲ್ಲಿದ್ದುದನ್ನು ಹಾಗೇ ನಕಲು ಮಾಡಿದ್ದ. ಅವನು ನಮ್ಮ ಊರಿನ ಕ್ರಮದಲ್ಲಿ ಬರೆದಿದ್ದರೆ ಅದು ಸೆಪ್ಟೆಂಬರ್ 8 ಆಗುತ್ತಿತ್ತು. ತಿಂಗಳನ್ನು ಅಕ್ಷರದಲ್ಲಿ ಬರೆದುಬಿಟ್ಟರೆ ಈ ಗೊಂದಲವೇ ಇಲ್ಲ. ಇನ್ನೊಂದು ತೊಡಕು ಬೆಂಗಳೂರಿನಿಂದ ನಡುರಾತ್ರಿ ದಾಟಿದ ಮೇಲೆ ಹೊರಡುವ ವಿಮಾನಗಳದ್ದು. ಶುಕ್ರವಾರ ರಾತ್ರಿ ಊಟ ಮಾಡಿ ಹೊರಟವರ ಟಿಕೆಟ್ಟಿನಲ್ಲಿ ಶನಿವಾರದ ದಿನಾಂಕ ಇರುತ್ತದೆ. ಬೇಸಿಗೆಯಲ್ಲಿ ಡಲ್ಲಾಸ್ ನಮ್ಮ ಊರಿಗಿಂತ ಹತ್ತೂವರೆ ಗಂಟೆ ಹಿಂದೆ. ಆದ್ದರಿಂದ ಹೊರಡುವ ದಿನ ಹೇಳಿದರೆ ಸಾಲದು. ಡಲ್ಲಾಸಿನಲ್ಲಿ ಇಳಿಯುವ ದಿನ, ಡಲ್ಲಾಸ್ ಸಮಯ, ಕೊನೆಯ ವಿಮಾನದ ಸಂಖ್ಯೆ ಇಷ್ಟನ್ನು ಬರೆಯಬೇಕು. ವಿಮಾನದ ಸಂಖ್ಯೆಯೊಂದಿದ್ದರೆ ಅದು ತಡವಾಗಿದೆಯೋ ಇಲ್ಲವೋ ಎಂದು ನಾವೇ ಫೋನಿನಲ್ಲಿ ನೋಡಿಕೊಳ್ಳುತ್ತೇವೆ.

ಅವನು ಹೇಳದೇ ಬಿಟ್ಟದ್ದು ಬೇರೆಯೇ ಇತ್ತು. ಅವನ ದಾರಿ ಬೆಂಗಳೂರು, ಲಂಡನ್, ಷಿಕಾಗೊ, ಡಲ್ಲಾಸ್. ನನಗೆ ಅವನು ತಿಳಿಸಿದ್ದು ‘ಲಂಡನ್ ಮೇಲೆ ಬರ್ತೀನಿ’ ಎಂದಷ್ಟೇ. ಡಲ್ಲಾಸ್ ವಿಮಾನ ನಿಲ್ದಾಣದಲ್ಲಿ ಹೊರದೇಶದಿಂದ ನೇರವಾಗಿ ಬರುವವರು ಸಾಮಾನ್ಯವಾಗಿ ಡಿ ಟರ್ಮಿನಲ್‌ನಲ್ಲಿ ಹೊರಬೀಳುತ್ತಾರೆ. ನಾನು ಅಲ್ಲಿ ಹೋಗಿ ಬಾಗಿಲಿನತ್ತ ಕಣ್ಣು ನೆಟ್ಟು ನಿಂತೆ. ಅಮೆರಿಕದಲ್ಲಿ ಮೊದಲು ಕಾಲಿಟ್ಟ ನಿಲ್ದಾಣದಲ್ಲೇ ವಲಸೆ ತಪಾಸಣೆ ಮುಗಿಯುತ್ತದೆ. ಪೆಟ್ಟಿಗೆಗಳನ್ನು ಅಲ್ಲೇ ಎತ್ತಿಕೊಂಡು, ಕಸ್ಟಮ್ಸ್ ದಾಟಿ, ಮುಂದಿನ ವಿಮಾನಕ್ಕೆ ಮತ್ತೆ ಒಪ್ಪಿಸಬೇಕು. ಹುಡುಗನಿಗೆ ಅದೆಲ್ಲ ಷಿಕಾಗೊದಲ್ಲೇ ಆಗಿತ್ತು. ಡಲ್ಲಾಸಿಗೆ ಅವನು ಬಂದದ್ದು ಒಳನಾಡಿನ ಪ್ರಯಾಣಿಕನಾಗಿ, ಬೇರೆ ಟರ್ಮಿನಲ್ಲಿಗೆ, ಇಳಿದು ಇಪ್ಪತ್ತು ನಿಮಿಷಕ್ಕೆ ಪೆಟ್ಟಿಗೆ ಸಮೇತ ಹೊರಗೆ. ಅವನ ಭಾರತದ ಸಿಮ್‌ಗೆ ರೋಮಿಂಗ್ ಹಾಕಿಸಿರಲಿಲ್ಲ. ಒಂದೂವರೆ ಗಂಟೆ ಇಬ್ಬರೂ ಬೇರೆ ಬೇರೆ ಬಾಗಿಲ ಮುಂದೆ ನಿಂತಿದ್ದೆವು. ಕೊನೆಗೆ ಪಕ್ಕದಲ್ಲಿದ್ದ ಒಬ್ಬ ಅಜ್ಜಿಯನ್ನು ಕೇಳಿ, ಅವರ ಫೋನಿನಿಂದ ನನಗೆ ಕರೆ ಮಾಡಿದ. ನನ್ನ ನಂಬರನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟು ಕಳಿಸಿದ್ದವರು ಅವನ ಅಮ್ಮ. ಅಂದಿನಿಂದ ನಾನು ಎಲ್ಲ ಮಕ್ಕಳಿಗೂ ಹೇಳುವುದು ಅದನ್ನೇ: ಕರೆದೊಯ್ಯುವವರ ನಂಬರು ಫೋನಿನಲ್ಲಷ್ಟೇ ಬೇಡ, ಕಾಗದದ ಮೇಲೂ ಇರಲಿ.

ದಾರಿಯನ್ನು ಅವಲಂಬಿಸಿ ಕಾಯುವ ಹೊತ್ತೂ ಬದಲಾಗುತ್ತದೆ. ದೋಹಾದಿಂದಲೋ ಫ್ರಾಂಕ್‌ಫರ್ಟ್‌ನಿಂದಲೋ ನೇರ ಡಲ್ಲಾಸಿಗೆ ಬಂದರೆ ಇಲ್ಲೇ ತಪಾಸಣೆ. ಆಗಸ್ಟ್ ತಿಂಗಳಲ್ಲಿ ವಿದ್ಯಾರ್ಥಿಗಳ ಸಾಲೇ ಉದ್ದ. ವಿಮಾನ ಇಳಿದ ಮೇಲೆ ಹೊರಬರಲು ಒಂದು ಗಂಟೆಯಿಂದ ಮೂರು ಗಂಟೆಯಾದರೂ ಆಶ್ಚರ್ಯವಿಲ್ಲ. ಅಬುಧಾಬಿ ಮೂಲಕ ಬಂದರೆ ಅಮೆರಿಕದ ತಪಾಸಣೆ ಅಬುಧಾಬಿಯಲ್ಲೇ ಮುಗಿದಿರುತ್ತದೆ, ಇಲ್ಲಿ ನೇರ ಹೊರಗೆ. ಕೆಲವರನ್ನು ಅಧಿಕಾರಿಗಳು ಪಕ್ಕದ ಕೋಣೆಗೆ ಕರೆದು ಇನ್ನಷ್ಟು ಪ್ರಶ್ನೆ ಕೇಳುತ್ತಾರೆ. ಆ ಹೊತ್ತಿನಲ್ಲಿ ಫೋನ್ ಮುಟ್ಟುವಂತಿಲ್ಲ. ಆದ್ದರಿಂದ ಎರಡು ಗಂಟೆ ಸುದ್ದಿಯಿಲ್ಲದಿದ್ದರೆ ಗಾಬರಿ ಬೇಡವೆಂದು ಮನೆಯವರಿಗೆ ಮೊದಲೇ ಹೇಳಿಟ್ಟಿರಬೇಕು. ಪಾಸ್‌ಪೋರ್ಟ್, ಐ-20 ಪತ್ರ, ಸೆವಿಸ್ ಶುಲ್ಕದ ರಸೀದಿ ಕೈಚೀಲದಲ್ಲಿರಲಿ, ಪೆಟ್ಟಿಗೆಯೊಳಗೆ ಬೇಡ. ತಿಂಡಿ ತಂದಿದ್ದರೆ ‘ತಂದಿದ್ದೇನೆ’ ಎಂದೇ ಹೇಳಬೇಕು. ಹುಳಿಪುಡಿ, ಚಟ್ನಿಪುಡಿ, ಹುರಿದ ಕಾಫಿಪುಡಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಅಮ್ಮಂದಿರು ಪ್ರೀತಿಯಿಂದ ಕಟ್ಟಿಕೊಡುವ ಕರಿಬೇವಿನ ಸೊಪ್ಪು ಮಾತ್ರ ಬರುವಂತಿಲ್ಲ. ಕಿತ್ತಳೆ, ನಿಂಬೆ ಗಿಡಗಳನ್ನು ಕೊಲ್ಲುವ ರೋಗ ಹರಡುವ ಕೀಟ ಕರಿಬೇವಿನ ಗಿಡದಲ್ಲೂ ವಾಸ ಮಾಡುತ್ತದೆಂದು ಅದಕ್ಕೆ ತಡೆ.

ಪೆಟ್ಟಿಗೆಗಳ ಲೆಕ್ಕವನ್ನು ಮಕ್ಕಳು ಬರೆಯುವುದೇ ಇಲ್ಲ. ಇಪ್ಪತ್ಮೂರು ಕಿಲೋದ ಎರಡು ದೊಡ್ಡ ಪೆಟ್ಟಿಗೆ, ಒಂದು ಚಿಕ್ಕ ಪೆಟ್ಟಿಗೆ, ಬೆನ್ನಿಗೊಂದು ಚೀಲ, ಇದು ಒಬ್ಬ ವಿದ್ಯಾರ್ಥಿಯ ಸಾಮಾನು. ಸಾಧಾರಣ ಕಾರಿಗೆ ಅಷ್ಟಕ್ಕೇ ಜಾಗ. ‘ನನ್ನ ಫ್ರೆಂಡೂ ಜೊತೆಗಿದ್ದಾನೆ ಅಣ್ಣ’ ಎಂದು ನಿಲ್ದಾಣದಲ್ಲಿ ಹೇಳಿದರೆ ಯಾರನ್ನು ಬಿಟ್ಟು ಯಾರನ್ನು ಕರೆದೊಯ್ಯಲಿ? ಇನ್ನು ಕೊಡಬಾರದ್ದೂ ಒಂದಿದೆ. ಟಿಕೆಟ್ಟಿನ ಫೋಟೊವನ್ನು ಗುಂಪಿಗೆ ಹಾಕಬಾರದು. ಅದರಲ್ಲಿರುವ ಪಿಎನ್‌ಆರ್ ಮತ್ತು ಹೆಸರು ಎರಡೂ ಸಿಕ್ಕಿದರೆ ಅಪರಿಚಿತರು ಟಿಕೆಟ್ಟಿನ ಒಳಹೊಕ್ಕು ಬದಲಾವಣೆ ಮಾಡಬಹುದು. ಪಾಸ್‌ಪೋರ್ಟ್, ಐ-20 ಫೋಟೊಗಳ ಮಾತೂ ಅಷ್ಟೇ.

ಹಾಗಾದರೆ ಸಂದೇಶ ಹೇಗಿರಬೇಕು? ಹಾಸನದ ಹುಡುಗನ ಸಂದೇಶವನ್ನೇ ಈಗ ತಿದ್ದಿ ಬರೆದರೆ ಇಷ್ಟು:

“ನಮಸ್ಕಾರ. ನಾನು ಹಾಸನದವನು, ಯುಟಿ ಡಲ್ಲಾಸ್‌ನಲ್ಲಿ ಎಂ.ಎಸ್. ಸೇರುತ್ತಿದ್ದೇನೆ. ಆಗಸ್ಟ್ 9, ಶನಿವಾರ ರಾತ್ರಿ 10.30ಕ್ಕೆ (ಡಲ್ಲಾಸ್ ಸಮಯ) ಷಿಕಾಗೊದಿಂದ ಬರುವ ವಿಮಾನದಲ್ಲಿ ಇಳಿಯುತ್ತೇನೆ. ವಿಮಾನದ ಸಂಖ್ಯೆ ಕೆಳಗಿದೆ. ತಪಾಸಣೆ ಷಿಕಾಗೊದಲ್ಲೇ ಮುಗಿಯುತ್ತದೆ. ಒಬ್ಬನೇ ಬರುತ್ತಿದ್ದೇನೆ. ಎರಡು ದೊಡ್ಡ ಪೆಟ್ಟಿಗೆ, ಒಂದು ಚಿಕ್ಕದು. ಹೋಗಬೇಕಾದ್ದು ರಿಚರ್ಡ್‌ಸನ್‌ನ ಕ್ಯಾಂಪಸ್ ಹತ್ತಿರದ ಅಪಾರ್ಟ್‌ಮೆಂಟಿಗೆ. ಅಲ್ಲಿ ಸೀನಿಯರ್ ಒಬ್ಬರು ಇರುತ್ತಾರೆ. ಪೆಟ್ರೋಲು, ಟೋಲಿನ ಖರ್ಚು ಕೊಡುತ್ತೇನೆ. ಯಾರಿಗಾದರೂ ಸಾಧ್ಯವಾದರೆ ದಯವಿಟ್ಟು ತಿಳಿಸಿ. ಸಿಗದಿದ್ದರೆ ಉಬರ್ ಹಿಡಿಯುತ್ತೇನೆ.”

ಕೊನೆಯ ವಾಕ್ಯ ಬಹಳ ಮುಖ್ಯ. ‘ನೀವು ಬಾರದಿದ್ದರೆ ನನ್ನ ಗತಿಯೇನು’ ಎಂಬ ಭಾರ ಓದುವವರ ಮೇಲಿಂದ ಇಳಿದರೆ ‘ಹತ್ತೂವರೆ ತಾನೆ, ನಾನೇ ಬರ್ತೀನಿ ಬಿಡಪ್ಪ’ ಎನ್ನುವುದು ಸುಲಭ. ಬರುವವರಿಗೆ ಖರ್ಚು ಕೊಡುವುದು ಸೌಜನ್ಯ, ಆದರೆ ‘ಇಷ್ಟು ಡಾಲರ್ ಕೊಟ್ಟರೆ ಕರೆತರುತ್ತೇನೆ’ ಎನ್ನುವ ವಿದ್ಯಾರ್ಥಿಗಳಿಂದ ದೂರವಿರಿ. ಎಫ್-1 ವೀಸಾದಲ್ಲಿರುವವರು ದುಡ್ಡಿಗೆ ಕಾರು ಓಡಿಸಿದರೆ ಅದು ಅನುಮತಿಯಿಲ್ಲದ ಉದ್ಯೋಗ, ಅವರ ವೀಸಾಕ್ಕೇ ಕುತ್ತು. ಹೆಣ್ಣುಮಕ್ಕಳು ಕರೆದೊಯ್ಯುವವರ ಹೆಸರು ಮತ್ತು ಕಾರಿನ ನಂಬರನ್ನು ಮನೆಗೆ ಕಳಿಸಿಯೇ ಹತ್ತಬೇಕು. ಅದಕ್ಕೆ ಬೇಸರಪಡುವವರ ಕಾರು ಹತ್ತುವುದೇ ಬೇಡ. ಸಾಮಾನು ಕಡಿಮೆಯಿದ್ದು ಹಗಲಲ್ಲಿ ಬರುವವರಿಗೆ ಈಗ ಇನ್ನೊಂದು ದಾರಿಯೂ ಇದೆ. 2025ರ ಅಕ್ಟೋಬರ್‌ನಿಂದ ಸಿಲ್ವರ್ ಲೈನ್ ಎಂಬ ರೈಲು ವಿಮಾನ ನಿಲ್ದಾಣದ ಬಿ ಟರ್ಮಿನಲ್ಲಿನಿಂದ ಹೊರಟು ನಮ್ಮ ಕ್ಯಾಂಪಸ್ಸಿನ ಪಕ್ಕದಲ್ಲೇ ನಿಲ್ಲುತ್ತದೆ.

ರೂಮಿನ ಮಾತಿಗೆ ಬರೋಣ. ಇಲ್ಲಿ ಮೊದಲ ತೊಡಕು ಒಂದು ಪದದ್ದು. ಮಗ ಫೋನಿನಲ್ಲಿ ‘ಲೀಸ್‌ಗೆ ಸೈನ್ ಮಾಡ್ಬೇಕು ಅಪ್ಪ’ ಎಂದರೆ ಬೆಂಗಳೂರಿನ ಅಪ್ಪನಿಗೆ ಹೊಳೆಯುವುದು ಭೋಗ್ಯ: ಲಕ್ಷಗಟ್ಟಲೆ ಒಮ್ಮೆಗೇ ಕೊಟ್ಟು, ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಪೂರ್ತಿ ವಾಪಸ್ ಪಡೆಯುವುದು. ಇಲ್ಲಿ ಲೀಸ್ ಎಂದರೆ ಇಷ್ಟು ತಿಂಗಳು ಬಾಡಿಗೆ ಕಟ್ಟಿಯೇ ಕಟ್ಟುತ್ತೇನೆ ಎಂಬ ಕರಾರು, ಸಾಮಾನ್ಯವಾಗಿ ಒಂದು ವರ್ಷದ್ದು. ನಡುವೆ ಬಿಟ್ಟು ಹೋದರೂ ಬಾಡಿಗೆಯ ಹೊಣೆ ಹೋಗುವುದಿಲ್ಲ. ಈ ಮಾತು ಮನೆಯಲ್ಲಿ ಎಲ್ಲರಿಗೂ ತಿಳಿದಿರಬೇಕು.

ಎರಡು ಮಲಗುವ ಕೋಣೆಯ ಮನೆಯನ್ನು ನಾಲ್ವರು ಹುಡುಗರು ಹಿಡಿದರೆಂದುಕೊಳ್ಳಿ. ಬಾಡಿಗೆ ತಿಂಗಳಿಗೆ 1,800 ಡಾಲರ್ ಆದರೆ ತಲೆಗೆ 450. ನಾಲ್ವರೂ ಒಂದೇ ಕರಾರಿಗೆ ಸಹಿ ಹಾಕಿದ್ದಾರೆ. ಅವರು ‘ನನ್ನ ಪಾಲು 450’ ಎಂದುಕೊಂಡಿರುತ್ತಾರೆ, ಆದರೆ ಕರಾರು ಹಾಗೆ ಹೇಳುವುದಿಲ್ಲ. ಇಂಥ ಜಂಟಿ ಕರಾರಿನಲ್ಲಿ ಪ್ರತಿಯೊಬ್ಬನೂ ಪೂರ್ತಿ 1,800ಕ್ಕೆ ಹೊಣೆ. ಡಿಸೆಂಬರಿನಲ್ಲಿ ಒಬ್ಬ ಬೇರೆ ವಿಶ್ವವಿದ್ಯಾಲಯಕ್ಕೆ ವರ್ಗ ಮಾಡಿಸಿಕೊಂಡು ಹೊರಟ. ಜನವರಿಯಿಂದ ಉಳಿದ ಮೂವರು ತಲೆಗೆ 600 ಕಟ್ಟಬೇಕಾಯಿತು, ಅಂದರೆ ತಿಂಗಳಿಗೆ 150 ಡಾಲರ್ ಹೆಚ್ಚು. ಕರಾರು ಮುಗಿಯುವುದು ಜುಲೈ ಕೊನೆಗಾದರೆ ಏಳು ತಿಂಗಳಿಗೆ ತಲೆಗೆ 1,050 ಡಾಲರ್. ಇದನ್ನು ತಡೆಯಲು ಒಂದೇ ದಾರಿ. ಹೋಗುವವನು ತನ್ನ ಬದಲಿಗೆ ಒಬ್ಬನನ್ನು ಹುಡುಕಿ, ಅಪಾರ್ಟ್‌ಮೆಂಟ್ ಕಚೇರಿಯಲ್ಲಿ ಅವನ ಹೆಸರನ್ನು ಕರಾರಿಗೆ ಸೇರಿಸಿ, ತನ್ನ ಹೆಸರು ತೆಗೆಸಿಯೇ ಹೋಗಬೇಕು ಎಂದು ಮನೆ ಹಿಡಿಯುವ ಮೊದಲೇ ನಾಲ್ವರೂ ಬರೆದಿಟ್ಟುಕೊಳ್ಳುವುದು. ಸ್ನೇಹಿತರ ನಡುವೆ ಇದೆಲ್ಲ ಯಾಕೆ ಎಂದು ಸಂಕೋಚಪಡುತ್ತಾರೆ. ಸ್ನೇಹ ಉಳಿಯಬೇಕಾದರೆ ಇದು ಬೇಕು ಎಂದೇ ನಾನು ಹೇಳುವುದು.

ಹೊಸದಾಗಿ ಬಂದವರಿಗೆ ಸಿಗುವುದು ಹೆಚ್ಚಾಗಿ ಇಂಥ ಖಾಲಿಯಾದ ಜಾಗವೇ. ಅದು ಮೂರು ಬಗೆ. ಹಳಬನ ಹೆಸರು ಕರಾರಿನಿಂದ ಹೋಗಿ ನಿಮ್ಮ ಹೆಸರು ಬಂದರೆ ಎಲ್ಲ ಸರಿ. ಹಳಬನ ಹೆಸರಲ್ಲೇ ಇದ್ದು ನೀವು ಅವನಿಗೆ ದುಡ್ಡು ಕೊಟ್ಟು ಇದ್ದರೆ ಅದು ಒಳಬಾಡಿಗೆ. ಟೆಕ್ಸಾಸ್ ಕಾನೂನಿನಲ್ಲಿ ಮಾಲೀಕರ ಒಪ್ಪಿಗೆಯಿಲ್ಲದೆ ಒಳಬಾಡಿಗೆ ಕೊಡುವಂತಿಲ್ಲ. ಒಪ್ಪಿಗೆಯಿಲ್ಲದೆ ಸೇರಿಕೊಂಡವರನ್ನು ಕಚೇರಿಯವರು ಹೊರಡಿ ಎಂದರೆ ಹೊರಡಬೇಕು. ಮೂರನೆಯದು ತಾತ್ಕಾಲಿಕ ತಂಗುವಿಕೆ, ಸೀನಿಯರ್ ಒಬ್ಬರ ಹಾಲಿನಲ್ಲಿ ಒಂದು ವಾರ. ಬಹುತೇಕ ಕರಾರುಗಳಲ್ಲಿ ಅತಿಥಿಗಳು ಎಷ್ಟು ದಿನ ಇರಬಹುದೆಂಬ ಮಿತಿ ಇರುತ್ತದೆ. ‘ಎಷ್ಟು ದಿನ ಬೇಕಾದರೂ ಇರು’ ಎಂದು ಸೀನಿಯರ್ ಹೇಳಿದರೂ ಆ ಮಿತಿಯನ್ನು ಕೇಳಿ ತಿಳಿದುಕೊಳ್ಳುವುದು ಅವರಿಗೇ ಕ್ಷೇಮ.

ಮೋಸಗಾರರು ನುಸುಳುವುದು ಈ ನಡುವಿನ ಸಂದಿಯಲ್ಲಿ. ಕಳೆದ ಬಾರಿ ಒಬ್ಬ ಹುಡುಗಿ ಊರಿನಿಂದಲೇ ‘ಸೀಟು ಹಿಡಿಯಲು’ 500 ಡಾಲರ್ ಕಳಿಸಿದ್ದಳು. ಕ್ಯಾಂಪಸ್ಸಿಗೆ ನಡೆದು ಹೋಗುವಷ್ಟು ಹತ್ತಿರ, ಎಲ್ಲರಿಗಿಂತ ಕಡಿಮೆ ಬಾಡಿಗೆ, ಚೆಂದದ ಫೋಟೊಗಳು. ವಿಡಿಯೊ ಕರೆ ಮಾಡಿ ಮನೆ ತೋರಿಸಿ ಎಂದಾಗ ‘ಊರಲ್ಲಿಲ್ಲ’ ಎಂಬ ಉತ್ತರ. ‘ಇನ್ನಿಬ್ಬರು ಕೇಳ್ತಿದ್ದಾರೆ, ಇವತ್ತೇ ಕಳಿಸು’ ಎಂಬ ಅವಸರ. ಹಣ ತಲುಪಿದ ಮರುದಿನ ನಂಬರೇ ಇಲ್ಲ. ‘ಅಕ್ಕ, ಕನ್ನಡದಲ್ಲೇ ಮಾತಾಡಿದ್ರು, ಅದಕ್ಕೇ ನಂಬಿದೆ’ ಎಂದು ಅವಳು ಅತ್ತದ್ದು ಈಗಲೂ ನನ್ನ ಕಿವಿಯಲ್ಲಿದೆ. ಪರೀಕ್ಷೆ ಮಾಡಲು ಹತ್ತು ನಿಮಿಷ ಸಾಕಿತ್ತು. ಅಪಾರ್ಟ್‌ಮೆಂಟಿನ ಹೆಸರು ಕೇಳಿ, ಅದರ ಕಚೇರಿಯ ನಂಬರನ್ನು ನೀವೇ ಹುಡುಕಿ ಕರೆ ಮಾಡಿ, ಜಾಗ ಕೊಡುವವರು ಕೊಟ್ಟ ನಂಬರಿಗಲ್ಲ. ‘ಈ ಮನೆಯ ಕರಾರಿಗೆ ನನ್ನನ್ನು ಸೇರಿಸಬೇಕು, ಏನು ಮಾಡಬೇಕು’ ಎಂದು ಕೇಳಿ. ನಿಜವಾದ ಜಾಗವಾದರೆ ಕಚೇರಿಯವರು ಅರ್ಜಿ, ಅರ್ಜಿ ಶುಲ್ಕ, ಐ-20 ಎಂದು ಕ್ರಮ ಹೇಳುತ್ತಾರೆ. ಸುಳ್ಳಾದರೆ ಅಲ್ಲೇ ಗೊತ್ತಾಗುತ್ತದೆ. ಮುಂಗಡವನ್ನು ಕಚೇರಿಗೇ ಕಟ್ಟಬೇಕು. ಹಳೆಯ ಬಾಡಿಗೆದಾರನ ಮುಂಗಡವನ್ನು ನೀವು ಅವನಿಗೆ ತುಂಬಿಕೊಡಬೇಕಾದ ಸಂದರ್ಭವಿದ್ದರೆ, ಕರಾರಿನಲ್ಲಿ ಹೆಸರು ಬದಲಾದ ಮೇಲೆ ಕೊಡಿ.

ರೂಮಿನ ಸಂದೇಶದಲ್ಲಿ ಬರೆಯಬೇಕಾದ್ದು ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ, ತಲೆಗೆ ಹೆಚ್ಚೆಂದರೆ ಎಷ್ಟು, ಕರೆಂಟು ಇಂಟರ್‌ನೆಟ್ ಸೇರಿಯೋ ಬಿಟ್ಟೋ, ಕೋಣೆ ಹಂಚಿಕೊಳ್ಳಲು ಸಿದ್ಧವೋ, ಹಾಲಿನಲ್ಲಿ ಪರದೆ ಕಟ್ಟಿಕೊಂಡು ಇರಲು ಸಿದ್ಧವೋ ಎಂಬುದು. ಉಳಿದದ್ದು ಅಡುಗೆಮನೆಯ ಮಾತು. ‘ಒಳ್ಳೆಯ ಕನ್ನಡ ಹುಡುಗರು ಬೇಕು’ ಎಂದರೆ ಏನೂ ಹೇಳಿದಂತಾಗಲಿಲ್ಲ. ಒಂದೇ ಜಿಲ್ಲೆಯವರು, ಒಂದೇ ಭಾಷೆಯವರು ಪಾತ್ರೆ ತೊಳೆಯುವ ವಿಷಯಕ್ಕೆ ಮಾತು ಬಿಟ್ಟದ್ದನ್ನು ನಾನು ನೋಡಿದ್ದೇನೆ. ಕೆಲವರು ಜಾತಿ ಕೇಳುತ್ತಾರೆ, ಕೆಲವರು ಬಳಸುಮಾತಿನಲ್ಲಿ ಕೇಳುತ್ತಾರೆ. ಅದನ್ನು ಖಂಡಿತ ಕೇಳಬಾರದು. ನಿಮಗೆ ನಿಜವಾಗಿ ಬೇಕಾದ್ದು ಮನೆಯಲ್ಲಿ ಮಾಂಸ ಬೇಯಿಸುವುದು ಒಪ್ಪಿಗೆಯೇ ಎಂಬುದಾದರೆ ಅದನ್ನೇ ನೇರವಾಗಿ ಬರೆಯಿರಿ: “ನಾನು ಸಸ್ಯಾಹಾರಿ. ನೀವು ತಿಂದರೆ ನನ್ನ ಅಭ್ಯಂತರವಿಲ್ಲ, ಪಾತ್ರೆ ಮಾತ್ರ ಬೇರೆ ಇರಲಿ. ವಾರಕ್ಕೆ ಮೂರು ದಿನ ಅಡುಗೆ ಮಾಡುತ್ತೇನೆ. ಮನೆಯೊಳಗೆ ಸಿಗರೇಟು ಆಗದು. ರಾತ್ರಿ ಒಂದು ಗಂಟೆವರೆಗೆ ಓದುವ ಅಭ್ಯಾಸ.” ಇಷ್ಟು ಓದಿದ ಇನ್ನೊಬ್ಬ ಹುಡುಗನಿಗೆ ತನಗೆ ಹೊಂದುತ್ತದೋ ಇಲ್ಲವೋ ಎಂದು ಕೂಡಲೇ ಗೊತ್ತಾಗುತ್ತದೆ.

ರೂಮೂ ಪಿಕಪ್ಪೂ ಸಿಕ್ಕ ಮೇಲೂ ಮಕ್ಕಳು ಸಿಕ್ಕಿಹಾಕಿಕೊಳ್ಳುವುದು ಮೊದಲ ರಾತ್ರಿ. ಹೊಸ ಮನೆಯ ಕೀ ಇರುವುದು ಅಪಾರ್ಟ್‌ಮೆಂಟ್ ಕಚೇರಿಯಲ್ಲಿ, ಕಚೇರಿ ಸಂಜೆಗೆ ಮುಚ್ಚುತ್ತದೆ. ನಾಲ್ಕಕ್ಕೆ ಇಳಿದವರು ತಪಾಸಣೆ ಮುಗಿಸಿ, ಮೂವತ್ತು ನಲವತ್ತು ನಿಮಿಷದ ದಾರಿ ಸವೆಸಿ ಬರುವಷ್ಟರಲ್ಲಿ ಬಾಗಿಲಿಗೆ ಬೀಗ. ರಾತ್ರಿ ಇಳಿಯುವುದಾದರೆ ಆ ರಾತ್ರಿ ಮಲಗಲು ಬೇರೆ ಜಾಗ ಮೊದಲೇ ಗೊತ್ತಾಗಿರಬೇಕು. ಕೀ ಸಿಕ್ಕಿದರೂ ಒಳಗೆ ಕರೆಂಟು ಇರಬೇಕಲ್ಲ. ಟೆಕ್ಸಾಸಿನ ಬಹುಪಾಲು ಕಡೆ ವಿದ್ಯುತ್ ಕೊಡುವ ಕಂಪನಿಯನ್ನು ಬಾಡಿಗೆದಾರರೇ ಆರಿಸಿಕೊಂಡು ತಮ್ಮ ಹೆಸರಿನಲ್ಲಿ ಸಂಪರ್ಕ ಹಾಕಿಸಿಕೊಳ್ಳಬೇಕು. ರಾಜ್ಯ ಸರ್ಕಾರದ powertochoose.org ತಾಣದಲ್ಲಿ ಹಲವು ಕಂಪನಿಗಳ ದರ ಸಿಗುತ್ತದೆ. ಸೋಶಿಯಲ್ ಸೆಕ್ಯೂರಿಟಿ ನಂಬರ್ ಇಲ್ಲದ ಹೊಸಬರಿಂದ ಕೆಲವು ಕಂಪನಿಗಳು ಠೇವಣಿ ಕೇಳುತ್ತವೆ. ನಾಲ್ವರಲ್ಲಿ ಯಾರ ಹೆಸರಿನಲ್ಲಿ ಮಾಡಿಸುವುದೆಂದು ಬರುವ ವಾರ ಮೊದಲೇ ತೀರ್ಮಾನಿಸಿ. ಆಗಸ್ಟಿನ ಡಲ್ಲಾಸಿನಲ್ಲಿ 38 ಡಿಗ್ರಿ ದಾಟುವ ದಿನಗಳು ಮಾಮೂಲು, ಏಸಿಯಿಲ್ಲದ ಮನೆಯಲ್ಲಿ ಮಲಗಲಾಗದು. ಅನೇಕ ಮನೆಗಳ ಮಲಗುವ ಕೋಣೆಯ ಚಾವಣಿಯಲ್ಲಿ ದೀಪವೇ ಇರುವುದಿಲ್ಲ, ಮಂಚವೂ ಇರುವುದಿಲ್ಲ. ಒಂದು ಹೊದಿಕೆ, ಒಂದು ಟವೆಲ್, ಒಂದು ಟಾರ್ಚು, ಅಮ್ಮ ಕಟ್ಟಿದ ಚಪಾತಿಯೋ ಕೋಡುಬಳೆಯೋ, ಇಷ್ಟು ಕೈಗೆ ಸಿಗುವ ಚೀಲದಲ್ಲೇ ಇರಲಿ.

ಬೆಳಿಗ್ಗೆ ಎದ್ದು, ಪೆಟ್ಟಿಗೆ ಬಿಚ್ಚುವ ಮೊದಲು ಮನೆಯನ್ನೆಲ್ಲ ಫೋಟೊ ತೆಗೆಯಿರಿ. ಕಾರ್ಪೆಟ್ಟಿನ ಕಲೆ, ಗೋಡೆಯ ತೂತು, ಒಲೆಯ ಕರೆ, ಸೋರುವ ನಲ್ಲಿ ಎಲ್ಲವೂ ಬರಲಿ. ಕಚೇರಿಯವರು ಕೊಡುವ ಮನೆಯ ಸ್ಥಿತಿಯ ಪಟ್ಟಿಯಲ್ಲಿ ಅವನ್ನೆಲ್ಲ ಬರೆದು, ಅವರು ಹೇಳಿದ ಗಡುವಿನೊಳಗೆ ಒಪ್ಪಿಸಿ, ಒಂದು ಪ್ರತಿ ಇಟ್ಟುಕೊಳ್ಳಿ. ವರ್ಷದ ಕೊನೆಗೆ ಮನೆ ಬಿಟ್ಟು ಹೊಸ ವಿಳಾಸವನ್ನು ಬರಹದಲ್ಲಿ ಕೊಟ್ಟರೆ, ಟೆಕ್ಸಾಸ್ ಕಾನೂನಿನ ಪ್ರಕಾರ ಮನೆ ಬಿಟ್ಟ ಮೂವತ್ತು ದಿನದೊಳಗೆ ಮುಂಗಡ ಹಿಂದಿರುಗಿಸಬೇಕು, ಇಲ್ಲವೇ ಹಿಡಿದುಕೊಂಡದ್ದಕ್ಕೆ ಲೆಕ್ಕ ಕೊಡಬೇಕು. ಆ ಕಲೆ ನಿಮ್ಮದಲ್ಲ ಎಂದು ತೋರಿಸಲು ನಿಮ್ಮ ಹತ್ತಿರ ಇರುವುದು ಆ ಮೊದಲ ಬೆಳಗಿನ ಫೋಟೊಗಳು ಮಾತ್ರ.

ಆಮೇಲೆ ಅದೇ ಗುಂಪಿನಲ್ಲಿ ಇನ್ನೊಂದು ಸಾಲು ಹಾಕಿ: “ತಲುಪಿದೆ. ರೂಮೂ ಸಿಕ್ಕಿತು. ನಮ್ಮ ಮನೆಯಲ್ಲಿ ಜನವರಿಗೆ ಒಂದು ಜಾಗ ಖಾಲಿಯಾಗುತ್ತದೆ.”